ನೀನು ಕಳಿಸಿದ ಗ್ರಾಫ್ ಫೋಟೋದ ಲೆಕ್ಕ

ಪುಟ್ಟೀ, ಫೋಟೋಎಲೆಕ್ಟ್ರಿಕ್ ಇಫೆಕ್ಟಿನ ಪ್ರಶ್ನೆಯ ಫೋಟೋ ಸಿಕ್ಕಿತು, A, B ಎರಡು ಲೋಹಕ್ಕೆ ಬೆಳಕಿನ ಫ್ರೀಕ್ವೆನ್ಸಿ ν ಅಡ್ಡಕ್ಕೆ, ಸ್ಟಾಪಿಂಗ್ ವೋಲ್ಟೇಜ್ V₀ ಮೇಲಕ್ಕೆ ಇಟ್ಟ ಗ್ರಾಫ್, ನಿನ್ನೆ ರಾತ್ರಿ ಪೆರ್ಲದಲ್ಲಿ ಕರೆಂಟು ಹೋಗಿ ಫೋನು ಸತ್ತು ಬಿದ್ದಿತ್ತು, ಹಾಗಾಗಿ ಈಗ ಬರೀತಿದ್ದೇನೆ. ನಿನ್ನ ಸ್ಲೋಪ್ ಸರಿ ಉಂಟು, ತಪ್ಪಿದ್ದು ಒಂದೇ ಕಡೆ, ಆದ್ರೆ ಆ ಒಂದರಿಂದ ಉತ್ತರ ಪೂರಾ ಹೋಯ್ತು. A ಲೋಹದ ವರ್ಕ್ ಫಂಕ್ಷನ್ φ, ಅಂದ್ರೆ ಎಲೆಕ್ಟ್ರಾನನ್ನು ಲೋಹದಿಂದ ಹೊರಗೆ ತರ್ಲಿಕ್ಕೆ ಕಡಿಮೆ ಅಂದ್ರೂ ಬೇಕಾದ ಶಕ್ತಿ, 0.48 eV ಅಂತ ಬರೆದಿದ್ದಿ ಅಲ್ವಾ, ಬರೆದ ಮೇಲೆ ಒಂದ್ಸಲ ಸಂಶಯ ಬರ್ಬೇಕಿತ್ತು ಮಾರಾಯ್ತಿ. ಅಷ್ಟು ಸುಲಭದಲ್ಲಿ ಎಲೆಕ್ಟ್ರಾನ್ ಬಿಡುವ ಸೀಸಿಯಂಗೇ 2.14 ಉಂಟು. 0.48 ಆಗಿದ್ರೆ ಟಿವಿ ರಿಮೋಟಿನ ಕಣ್ಣಿಗೆ ಕಾಣದ ಬೆಳಕಿಗೂ ಆ ಲೋಹದಿಂದ ಎಲೆಕ್ಟ್ರಾನ್ ಹಾರ್ಬೇಕು, ಅದ್ರ ಫೋಟಾನಲ್ಲಿ 1.3 eV ಇರ್ತದೆ.

ಎಂತ ಆಯ್ತು ಅಂದ್ರೆ, ನೀನು ಗೆರೆಯನ್ನು ಸ್ಕೇಲಿಟ್ಟು ಕೆಳಗೆ ಎಳೆದು ಎಡಗಡೆಯ ನಿಂತ ಗೆರೆಗೆ ತಾಗಿಸಿದ್ದಿ, ತಾಗಿದ ಜಾಗ −0.475 ವೋಲ್ಟ್, ಅದೇ −φ/e ಅಂತ ತಗೊಂಡಿದ್ದಿ. ಫೋಟೋ ಸ್ವಲ್ಪ ದೊಡ್ಡ ಮಾಡಿ ಆ ಮೂಲೆ ನೋಡು. ಅಡ್ಡ ಗೆರೆಯ ಮೊದಲ ನಂಬರು 0 ಅಲ್ಲ, 4! ಅಂದ್ರೆ ಆ ನಿಂತ ಗೆರೆ ಇರುದು ν = 4×10¹⁴ ಹರ್ಟ್ಸಲ್ಲಿ. φ/e ಸಿಗುದು ν ಸೊನ್ನೆ ಇರುವಲ್ಲಿ, ಅದು ನಿನ್ನ ಪೇಪರಿನ ಹೊರಗೆ, ಮೇಜಿನ ಮೇಲೆ ಎಲ್ಲೋ ಉಂಟು. ಪ್ರಶ್ನೆ ಮಾಡಿದವ್ರು ಬೇಕಂತಲೇ ಹಾಗೆ ಇಟ್ಟಿರ್ತಾರೆ, ನಾನೂ ಪ್ಲಸ್ ಟೂ ಮಾಡೆಲ್ ಪರೀಕ್ಷೆಯಲ್ಲಿ ಇದೇ ಗುಂಡಿಗೆ ಬಿದ್ದವನು.

ಇನ್ನೊಂದು, ಫೋಟೋದ ಮೇಲೆ ಸ್ಕೇಲಿಡ್ಬೇಡ. ನೀನು ಓರೆಯಲ್ಲಿ ನಿಂತು ತೆಗೆದದ್ದು, ಬಲಗಡೆಯ ಚೌಕಗಳು ಸಣ್ಣ ಕಾಣ್ತವೆ ಎಡಗಡೆಯವು ದೊಡ್ಡ, ಸೆಂಟಿಮೀಟರ್ ಲೆಕ್ಕ ಹಾಕಿದ್ರೆ ಎಲ್ಲಾ ತಪ್ಪಾಗ್ತದೆ. ಚೌಕ ಎಣಿಸು, ಅದು ಓರೆ ಆದ್ರೂ ಸುಳ್ಳು ಹೇಳುದಿಲ್ಲ. ಮೇಲಕ್ಕೆ ಒಂದು ಸಣ್ಣ ಚೌಕ ಅಂದ್ರೆ 0.05 ವೋಲ್ಟ್. ಗೆರೆ ಚೌಕದ ಮೂಲೆಯಲ್ಲೇ ಹಾದು ಹೋಗುವ ಎರಡು ಜಾಗ ಹುಡುಕಿದೆ, ಆದಷ್ಟು ದೂರ ದೂರದ್ದು: ν = 6 ಇರುವಲ್ಲಿ 0.35 ವೋಲ್ಟ್, ν = 10 ಇರುವಲ್ಲಿ 2.00 ವೋಲ್ಟ್. ಚುಕ್ಕೆಗಳನ್ನು ತಗೊಳ್ಬೇಡ, ಗೆರೆಯನ್ನು ತಗೋ, ಚುಕ್ಕೆ ಆಚೆ ಈಚೆ ಇರ್ತದೆ.

ಈಗ ಲೆಕ್ಕಕ್ಕಿಂತ ಮೊದ್ಲು ಸಂಗತಿ ಎಂತ ಅಂತ ಒಂದು ಮಾತು, ಯಾಕಂದ್ರೆ ಕ್ಲಾಸಲ್ಲಿ ಸಾರ್ ಮಲಯಾಳಂನಲ್ಲಿ ಹೇಳ್ತಾರೆ, ಪುಸ್ತಕ ಇಂಗ್ಲಿಷಲ್ಲಿ, ನಾವು ತಲೆಯೊಳಗೆ ಕನ್ನಡ ಮಾಡಿಕೊಳ್ಳುವಾಗ ಅರ್ಧ ದಾರಿಯಲ್ಲೇ ಉದುರಿ ಹೋಗ್ತದೆ. ತಲಪಾಡಿ ಟೋಲ್ ನೆನಪು ಮಾಡ್ಕೋ. ಎಲೆಕ್ಟ್ರಾನ್ ಲೋಹದಿಂದ ಹೊರಗೆ ಬರ್ಬೇಕಾದ್ರೆ ಗೇಟಲ್ಲಿ φ ಕಟ್ಲೇಬೇಕು. ಅದ್ರ ಕೈಗೆ ಸಿಗುದು ಒಂದೇ ಫೋಟಾನ್, ಒಂದೇ ನೋಟು, hν. ಟೋಲ್ ಕಟ್ಟಿ ಉಳಿದದ್ದು ಓಡ್ಲಿಕ್ಕೆ. ಉಳಿದದ್ದು ಎಷ್ಟು ಅಂತ ನೋಡ್ಲಿಕ್ಕೆ ನಾವು ಎದುರಿನಿಂದ ವೋಲ್ಟೇಜ್ ಕೊಡ್ತಾ ಹೋಗ್ತೇವೆ, ಎಲ್ಲಕ್ಕಿಂತ ಜೋರಿನ ಎಲೆಕ್ಟ್ರಾನೂ ನಿಲ್ಲುವ ಆ ವೋಲ್ಟೇಜೇ V₀. ಬೆಳಕು ಜಾಸ್ತಿ ಮಾಡಿದ್ರೆ ನೋಟು ಹಿಡಿದವ್ರು ಜಾಸ್ತಿ ಆಗ್ತಾರೆ ಅಷ್ಟೇ, ಒಬ್ಬೊಬ್ಬರ ನೋಟು ದೊಡ್ಡ ಆಗುದಿಲ್ಲ. ಹಾಗಾಗಿ

hν = φ + eV₀

V₀ ಒಂದೇ ಬದಿಗೆ ತಂದ್ರೆ V₀ = (h/e)ν − φ/e. ನೋಡಿದ್ರೆ y = mx + c, ಹತ್ತನೇ ಕ್ಲಾಸಿನದ್ದೇ. ನೋಟು ಟೋಲಿಗೆ ಸರಿಯಾಗಿ, ಕೈಯಲ್ಲಿ ಎಂತದೂ ಉಳಿಯದ ಹಾಗೆ ಇದ್ರೆ ಅದು ν₀, ಅಂದ್ರೆ ಗೆರೆ ಅಡ್ಡ ಗೆರೆಯನ್ನು ದಾಟುವ ಜಾಗ. ತ್ರೆಶೋಲ್ಡ್ ಅಂದ್ರೆ ನಮ್ಮ ಹೊಸ್ತಿಲೇ.

ಸ್ಲೋಪ್:

(2.00 − 0.35) / ((10 − 6)×10¹⁴) = 4.125×10⁻¹⁵ V s

ಇದನ್ನು e ಇಂದ ಗುಣಿಸಿದ್ರೆ h = 1.6×10⁻¹⁹ × 4.125×10⁻¹⁵ = 6.6×10⁻³⁴ J s. ಪುಸ್ತಕದ್ದು 6.63, ಸಾಕು. ಪ್ರಶ್ನೆಯಲ್ಲಿ h ಕೇಳದಿದ್ರೂ ಇದನ್ನು ಒಂದು ಸಲ ಮಾಡಿ ನೋಡು, 10¹⁴ ಮರೆತು ಬಿಟ್ಟಿದ್ರೆ ಇಲ್ಲೇ ಸಿಕ್ಕಿ ಬೀಳ್ತಿ.

φ ಗೆ ಗೆರೆಯ ಮೇಲಿನ ಯಾವ ಒಂದು ಜಾಗ ಆದ್ರೂ ಆಗ್ತದೆ. ν = 6 ತಗೊಳ್ವ:

φ/e = 4.125×10⁻¹⁵ × 6×10¹⁴ − 0.35 = 2.475 − 0.35 = 2.125 V

φ = 2.1 eV, ಜೂಲಲ್ಲಿ 3.4×10⁻¹⁹ J. ನಿನ್ನ −0.475 ಕೂಡ ವೇಸ್ಟ್ ಅಲ್ಲ, 4 ರಿಂದ 0 ಗೆ ಹಿಂದೆ ಬಂದ್ರೆ ಇನ್ನೂ 4 × 0.4125 = 1.65 ಇಳೀಬೇಕು, 0.475 + 1.65 = 2.125. ಅದೇ ಬಂತಲ್ಲಾ!

ν₀ = 3.4×10⁻¹⁹ / 6.6×10⁻³⁴ = 5.15×10¹⁴ Hz. ಗ್ರಾಫಲ್ಲಿ ಗೆರೆ ದಾಟುದೂ 5 ಕಳೆದು ಸ್ವಲ್ಪ ಮುಂದೆಯೇ, ಕಣ್ಣಲ್ಲಿ ನೋಡಿಯೇ ಹೇಳ್ಬಹುದು. ತರಂಗಾಂತರ ಮಾಡಿದ್ರೆ 582 ನ್ಯಾನೋಮೀಟರ್ ಹತ್ತಿರ, ಹಳದಿ ಬೆಳಕು. ಕೊನೆಯ ಪ್ರಶ್ನೆಯಲ್ಲಿ ಸೋಡಿಯಂ ದೀಪ, 589 ನ್ಯಾನೋಮೀಟರ್, ಎಲೆಕ್ಟ್ರಾನ್ ಬರ್ತದಾ ಅಂತ ಕೇಳಿದ್ದಾರಲ್ಲ, ಅದ್ರ ν 5.09×10¹⁴, ಹೊಸ್ತಿಲಿಗಿಂತ ಕಡಿಮೆ, ಬರುದಿಲ್ಲ ಅಂತ ಬರಿ, ಮಾರ್ಕು ಸಿಗ್ತದೆ. ನನ್ನ ಹತ್ರ ಕೇಳಿದ್ರೆ ಮಾತ್ರ ನಾನು ಆಣೆ ಹಾಕುದಿಲ್ಲ. 6 ರಲ್ಲಿ 0.35 ಬದ್ಲಿಗೆ ಒಂದು ಚೌಕ ಮೇಲೆ 0.40 ಓದಿದ್ರೆ ν₀ ಐದಕ್ಕೇ ಬಂದು ನಿಲ್ತದೆ, ಆಗ ಉತ್ತರ ಉಲ್ಟಾ. ಒಂದು ಚೌಕದ ಮೇಲೆ ನಿಂತ ಪ್ರಶ್ನೆ ಅದು, ಒಳ್ಳೆ ಪ್ರಶ್ನೆ ಅಲ್ಲ.

ಇನ್ನು B. ಫೋಟೋದಲ್ಲಿ B ಗೆರೆಯ ಕೆಳಗಿನ ಅರ್ಧ ನಿನ್ನ ಹೆಬ್ಬೆರಳಿನ ಅಡಿಯಲ್ಲಿ ಹೋಗಿದೆ, ಆದ್ರೂ ತೊಂದ್ರೆ ಇಲ್ಲ, ಇದೇ ಈ ಲೆಕ್ಕದ ಚಂದ. ಸ್ಲೋಪ್ h/e, ಅದ್ರಲ್ಲಿ ಲೋಹದ ಹೆಸರೇ ಇಲ್ಲ, ಹಾಗಾಗಿ ಯಾವ ಲೋಹ ಆದ್ರೂ ಗೆರೆ ಪ್ಯಾರಲಲ್, ಕಾಣುವ ಒಂದು ಜಾಗ ಸಾಕು. 9 ರಲ್ಲಿ 0.95 ವೋಲ್ಟ್ ಕಾಣ್ತದೆ:

φ/e = 0.4125 × 9 − 0.95 = 2.76 V, ν₀ = 2.76 / 0.4125 ≈ 6.7, ಅಂದ್ರೆ 6.7×10¹⁴ Hz

ಲೋಹ ಯಾವುದು ಅಂತ ಕೇಳಿದ್ರೆ A ಸೀಸಿಯಂ, B ಸೋಡಿಯಂ ಅಂತ ಬರೀಬಹುದು, ಟೇಬಲಲ್ಲಿ ಸೋಡಿಯಂ 2.75. ಬೇರೆ ಕಡೆ ಸೋಡಿಯಂಗೆ 2.3 ಹತ್ತಿರ ಕೊಟ್ಟದ್ದೂ ನೋಡಿದ್ದೇನೆ, ಮೇಲ್ಮೈ ಎಷ್ಟು ಕ್ಲೀನ್ ಅನ್ನುದ್ರ ಮೇಲೆ ಈ ನಂಬರು ಬದಲಾಗ್ತದೆ. ಅಮೆರಿಕದ ವಿಜ್ಞಾನಿ ಮಿಲಿಕನ್ ಇದೇ ಗ್ರಾಫಿಗಾಗಿ ಗಾಜಿನ ಕೊಳವೆಯೊಳಗೆ, ಗಾಳಿ ತೆಗೆದ ಜಾಗದಲ್ಲಿ, ಒಂದು ಚೂರಿ ಇಟ್ಟು ಸೋಡಿಯಂನ ಮೇಲಿನ ಪದರ ಹೆರೆದು ಹೆರೆದು ಅಳತೆ ಮಾಡಿದ್ದು, ತೆಂಗಿನಕಾಯಿ ಹೆರೆದ ಹಾಗೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ ಈ hν ಲೆಕ್ಕ ಸುಳ್ಳು ಅಂತಲೇ ಅವರ ನಂಬಿಕೆ, ವರ್ಷಗಟ್ಟಲೆ ಕೂತು 1916ರಲ್ಲಿ ಪೇಪರ್ ಹಾಕುವಾಗ ಗೆರೆ ನೆಟ್ಟಗೆ ಬಂದು h 6.57ರ ಹತ್ತಿರ ನಿಂತಿತ್ತು. ಅಂಥಾ ಗೆರೆಗೆ ನೀನು ಹೆಬ್ಬೆರಳು ಇಟ್ಟಿದ್ದಿ.

ಉತ್ತರ ಬರೆಯುವಾಗ ಓದಿದ ಎರಡು ಜಾಗಗಳನ್ನು ಗ್ರಾಫಲ್ಲಿ ಸಣ್ಣ ಸೊನ್ನೆ ಹಾಕಿ ತೋರಿಸು, 0.48 ಹೊಡೆದು ಹಾಕು. ಸಂಜೆ ಅಂಗಳದ ಬೆಳಕು ಹೋಗುವ ಮೊದ್ಲು ಪುಸ್ತಕ ಚಪ್ಪಟೆ ಇಟ್ಟು ನೆಟ್ಟಗೆ ಮೇಲಿಂದ ಇನ್ನೊಂದು ಫೋಟೋ ತೆಗೆದು ಕಳಿಸು, ಬೆರಳು ಬೇಡ, B ಗೆರೆ 6.7ಕ್ಕೇ ತಾಗ್ತದಾ ನೋಡುವ.