ಪ್ರಸ್ತಾವನೆಯಲ್ಲಿರುವ ‘ಜಾತ್ಯತೀತ’: ಸಂವಿಧಾನ ದಿನದ ಪ್ರಾರ್ಥನಾ ಸಭೆಯ ಭಾಷಣ

ಮಾನ್ಯ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತು ನವೆಂಬರ್ 26. ಇನ್ನೈದು ನಿಮಿಷಕ್ಕೆ ಎಲ್ಲರೂ ಸೇರಿ ಸಂವಿಧಾನದ ಪ್ರಸ್ತಾವನೆ ಓದಲಿದ್ದೇವೆ. ಅದರಲ್ಲಿ ‘ಜಾತ್ಯತೀತ’ ಎಂಬ ಪದ ಬರುತ್ತದೆ. ಇಂಗ್ಲಿಷಿನಲ್ಲಿ ಸೆಕ್ಯುಲರ್. ಅರ್ಥ ಬರೆಯಿರಿ ಎಂದರೆ ಕೆಲವರು ‘ದೇವರನ್ನು ನಂಬದಿರುವುದು’ ಎಂದು ಬರೆಯುತ್ತೀರಿ. ಅದು ತಪ್ಪು. ಪೂಜೆ, ನಮಾಜು, ಪ್ರಾರ್ಥನೆ ಮಾಡುವುದೂ ಬಿಡುವುದೂ ನಿಮಗೆ ಸೇರಿದ್ದು. ಈ ಪದ ಕಟ್ಟಿಹಾಕುವುದು ಸರ್ಕಾರವನ್ನು: ಅದು ಯಾವ ಧರ್ಮವನ್ನೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ, ಧರ್ಮ ನೋಡಿ ಪ್ರಜೆಗಳಲ್ಲಿ ಭೇದ ಮಾಡುವಂತಿಲ್ಲ.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಪ್ರಸ್ತಾವನೆಯಲ್ಲಿ ಈ ಪದ ಇರಲಿಲ್ಲ. 1976ರ 42ನೇ ತಿದ್ದುಪಡಿ ಅದನ್ನು ಸೇರಿಸಿತು. ಹಾಗೆಂದು ವಿಚಾರ ಹೊಸದಲ್ಲ. ಧಾರ್ಮಿಕ ಸ್ವಾತಂತ್ರ್ಯ ಕೊಡುವ 25ರಿಂದ 28ರವರೆಗಿನ ವಿಧಿಗಳು ಮೊದಲ ದಿನದಿಂದಲೂ ಇವೆ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟು ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದಿತು.

ಶಾಲೆಗೆ ಹತ್ತಿರವಾದದ್ದು 28ನೇ ವಿಧಿ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ, ಅಂದರೆ ನಮ್ಮಂಥ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಅನುದಾನಿತ ಶಾಲೆಯಲ್ಲಿ ಅದು ಇರಬಹುದು, ಆದರೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಅಲ್ಲಿ ಕೂರಿಸುವಂತಿಲ್ಲ. ಧರ್ಮಗಳ ಇತಿಹಾಸವನ್ನು ಸಮಾಜ ವಿಜ್ಞಾನದಲ್ಲಿ ಓದುವುದು ಬೇರೆ ಮಾತು, ಅದಕ್ಕೇನೂ ಅಡ್ಡಿಯಿಲ್ಲ.

ಇದರ ನಿಜವಾದ ಪರೀಕ್ಷೆ ನಡೆದದ್ದೂ ಒಂದು ಶಾಲೆಯ ಪ್ರಾರ್ಥನಾ ಸಭೆಯಲ್ಲೇ. 1985ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಆದರೆ ಹಾಡಲಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಪಂಥದವರಾದ ಅವರಿಗೆ ಹಾಡುವುದು ನಂಬಿಕೆಗೆ ವಿರುದ್ಧವಾಗಿತ್ತು. ಶಾಲೆಯಿಂದ ಹೊರಹಾಕಿದರು. ಮರುವರ್ಷ ಸುಪ್ರೀಂ ಕೋರ್ಟು, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಗೌರವದಿಂದ ನಿಂತರೆ ಅಗೌರವವಾಗುವುದಿಲ್ಲ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಎಣಿಕೆಯಲ್ಲಿ ಮೂವರೇ, ಕೋರ್ಟು ತಲೆ ಎಣಿಸಲಿಲ್ಲ ಎನ್ನುವುದನ್ನು ಗಮನಿಸಿ.

ಹಾಗಾದರೆ ಧರ್ಮದ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಇವಕ್ಕೆ ಒಳಪಟ್ಟೇ ಆ ಸ್ವಾತಂತ್ರ್ಯ. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ‘ಇದು ನಮ್ಮ ಸಂಪ್ರದಾಯ’ ಎಂಬ ಸಮರ್ಥನೆ ಅಲ್ಲಿ ನಡೆಯುವುದಿಲ್ಲ. ಸಾರ್ವಜನಿಕ ಸ್ವರೂಪದ ಹಿಂದೂ ದೇವಸ್ಥಾನಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಕಾನೂನು ಮಾಡಲು 25ನೇ ವಿಧಿಯೇ ಅವಕಾಶ ಕೊಟ್ಟಿದೆ. ಎಂದರೆ ನಮ್ಮ ಸರ್ಕಾರ ಧರ್ಮದಿಂದ ದೂರ ನಿಂತು ಸುಮ್ಮನೆ ನೋಡುವುದಿಲ್ಲ, ಅನ್ಯಾಯ ಕಂಡಲ್ಲಿ ಕೈ ಹಾಕಬಹುದು.

ಈಗ ಹತ್ತನೇ ತರಗತಿಯವರು ಪ್ರಸ್ತಾವನೆಯನ್ನು ಸಾಲು ಸಾಲಾಗಿ ಓದುತ್ತಾರೆ. ಎಲ್ಲರೂ ಎದ್ದು ನಿಂತು ಅವರ ಹಿಂದೆಯೇ ಹೇಳಿ.