ಮನೆ ಮುಂದಿನ ಗೋಡೆಗೆ ದೀಪಾವಳಿಯ ಲೈಟು ಹಾಕಲು ಅನುಮತಿ ಕೋರಿ

ಮೈಸೂರು, ಕುವೆಂಪುನಗರ
8 ಅಕ್ಟೋಬರ್ 2025

ಪೂಜ್ಯ ಮೇಷ್ಟ್ರಿಗೆ, ಮಹಡಿ ಮನೆಯ ಸುಮಾ ಮಾಡುವ ನಮಸ್ಕಾರಗಳು.

ನೀವು, ಅಮ್ಮ ಇಬ್ಬರೂ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಭಾನುವಾರ ಫೋನಿನಲ್ಲಿ ಲೈಟಿನ ವಿಷಯ ಎತ್ತಿದಾಗ, "ಸರಿಯಾಗಿ ಕೇಳಿಸ್ತಿಲ್ಲಮ್ಮ, ಏನೇನು ಮಾಡ್ತೀಯೋ ಬರೆದು ಕಳಿಸು" ಅಂದಿರಿ. ಅದಕ್ಕೇ ಈ ಕಾಗದ.

ಈ ದೀಪಾವಳಿಗೆ ಮನೆ ಮುಂದಿನ ಗೋಡೆಗೆ ಲೈಟಿನ ಸರ ಇಳಿಬಿಡಬೇಕು ಅಂತ ಆಸೆ. 18ನೇ ತಾರೀಖು ಶನಿವಾರ ಸಂಜೆಯಿಂದ 22ನೇ ತಾರೀಖು ಬಲಿಪಾಡ್ಯಮಿ ರಾತ್ರಿಯವರೆಗೆ, ಒಟ್ಟು ಐದು ದಿನ. ದಿನಾ ಸಂಜೆ ಆರಕ್ಕೆ ಹಾಕಿ ಹನ್ನೊಂದಕ್ಕೆ ಆರಿಸುತ್ತೇವೆ. ಗುರುವಾರ ಬೆಳಿಗ್ಗೆ ಬಿಚ್ಚಿಬಿಡುತ್ತೇವೆ.

ಗೋಡೆಗೆ ಒಂದೇ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ, ಮೇಷ್ಟ್ರೇ. ನಮಗಿಂತ ಮುಂಚೆ ಇದ್ದವರು ಬ್ಯಾನರ್ ಕಟ್ಟಲು ಮೊಳೆ ಹೊಡೆದು, ಅಲ್ಲಿಂದ ನೀರಿಳಿದು ಗಾರೆ ಉದುರಿದ್ದನ್ನು ನೀವು ಮನೆ ತೋರಿಸಿದ ದಿನವೇ ಹೇಳಿದ್ದಿರಿ. ಯುಗಾದಿಗೆ ಹೊಡೆಸಿದ ಬಣ್ಣ ಇನ್ನೂ ಹೊಸದರ ಹಾಗೇ ಇದೆ. ಟೇಪು, ಗೋಂದು ಕೂಡ ಅಂಟಿಸುವುದಿಲ್ಲ. ತಾರಸಿಯ ಮೋಟುಗೋಡೆಯ ಮೇಲಿನ ಕಬ್ಬಿಣದ ಪೈಪಿಗೆ ನೈಲಾನ್ ಹಗ್ಗ ಕಟ್ಟಿ, ಅದರಿಂದ ಸರಗಳನ್ನು ಇಳಿಬಿಟ್ಟು, ಕೆಳತುದಿಯನ್ನು ನಮ್ಮ ಬಾಲ್ಕನಿ ಗ್ರಿಲ್ಲಿಗೆ ಕಟ್ಟುತ್ತೇವೆ. "ಗಿರಿಜಾ ನಿಲಯ" ಅನ್ನೋ ಹೆಸರಿನ ಮೇಲೆ ಒಂದು ವೈರೂ ಹಾಯುವುದಿಲ್ಲ. ಅದರ ಎರಡೂ ಪಕ್ಕಕ್ಕೆ ಒಂದೊಂದು ಸರ ಬರುತ್ತದೆ. ನಿಮ್ಮ ತಾಯಿಯವರ ಹೆಸರು ರಾತ್ರಿ ಹೊತ್ತೂ ಬೀದಿಯಿಂದ ಓದುವ ಹಾಗೆ ಕಾಣಬೇಕು ಅಂತ ನನಗೆ ಆಸೆ.

ಕರೆಂಟು ನಮ್ಮ ಮೀಟರಿನದೇ. ಒಟ್ಟು ಎಂಟು ಸರ, ಒಂದೊಂದು 6 ವ್ಯಾಟ್. ಎಲ್ಲ ಸೇರಿದರೂ 48 ವ್ಯಾಟ್ ಅಷ್ಟೇ. ಐದು ದಿನಕ್ಕೆ ಒಂದೂಕಾಲು ಯೂನಿಟ್ ಕೂಡ ಆಗುವುದಿಲ್ಲ. ಹಬ್ಬದ ಹೊತ್ತಿಗೆ ಚಿತ್ತೆ ಮಳೆ ಬಂದರೂ ಬರಬಹುದು ಅಲ್ವಾ, ಅದಕ್ಕೆ ಹೊರಗಡೆ ಹಾಕುವ ಎಲ್‌ಇಡಿ ಸರಗಳನ್ನೇ ತಂದಿದ್ದೇವೆ. ಹೋದ ವರ್ಷ ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಸರದ ಜಾಯಿಂಟು ಒಳಗಡೆಯೇ ಸುಟ್ಟು ವಾಸನೆ ಬಂದಿತ್ತು. ಆಮೇಲೆ ಆ ಸಹವಾಸ ಬಿಟ್ಟಿದ್ದೇವೆ. ಪ್ಲಗ್ಗು, ಜಾಯಿಂಟು ಎಲ್ಲ ಹಾಲಿನ ಒಳಗೇ ಇರುತ್ತವೆ. ನೀವು ಹಾಕಿಸಿದ ಈಎಲ್‌ಸಿಬಿಯ ಟೆಸ್ಟ್ ಬಟನ್ ನಿನ್ನೆ ಒತ್ತಿ ನೋಡಿದೆವು, ತಕ್ಷಣ ಟ್ರಿಪ್ ಆಯಿತು. ಕಂಬದಿಂದ ಬರುವ ಮೇನ್ ವೈರು ಗೋಡೆಯ ಬಲಮೂಲೆಯಲ್ಲಿದೆ. ಆ ಕಡೆ ಐದು ಅಡಿ ಬಿಟ್ಟೇ ಕಟ್ಟುತ್ತೇವೆ. ಜೋರು ಮಳೆ ಬಂದರೆ ಆರಿಸಿಬಿಡುತ್ತೇವೆ. ಕಟ್ಟುವ ದಿನ ಎಲೆಕ್ಟ್ರಿಷಿಯನ್ ಬರುತ್ತಾರೆ, ಆ ಖರ್ಚೂ ನಮ್ಮದೇ.

ಕೆಳಮನೆಯವರನ್ನು ಕೇಳಿದ್ದಾಯಿತು. ಅವರ ಮಗುವಿಗೆ ಈಗ ಮೂರು ತಿಂಗಳು. ಅವರ ಕಿಟಕಿ ಮುಂದೆ ಸರ ಬರುವುದಿಲ್ಲ. ಮಿಣುಕುವ ಲೈಟೂ ಬೇಡ, ಸುಮ್ನೆ ಒಂದೇ ಸಮ ಉರಿಯುವ ಹಳದಿ ಬೆಳಕು. ಅವರು ಖುಷಿಯಿಂದಲೇ ಒಪ್ಪಿದ್ದಾರೆ.

ಇಷ್ಟೆಲ್ಲ ಯಾಕೆ ಅಂದರೆ, ಈ ಸಲ ನಮ್ಮ ಮಾವ ಹೊಸನಗರದ ಕಡೆಯ ಊರಿಂದ ಹಬ್ಬಕ್ಕೆ ಇಲ್ಲಿಗೇ ಬರುತ್ತಿದ್ದಾರೆ. ಎಂಬತ್ತು ದಾಟಿದೆ. ಊರು ಬಿಟ್ಟು ದೀಪಾವಳಿ ಮಾಡುತ್ತಿರುವುದು ಇದೇ ಮೊದಲು. ಕಳೆದ ತಿಂಗಳು ಕಣ್ಣಿನ ಪೊರೆ ತೆಗೆಸಿದ್ದಾರೆ. ಊರಲ್ಲಿ ಅವರು ಕೊಟ್ಟಿಗೆ, ಬಾವಿಕಟ್ಟೆ, ಗೊಬ್ಬರದ ಗುಂಡಿಯವರೆಗೂ ದೀಪ ಇಟ್ಟುಕೊಂಡು ಹೋಗುತ್ತಿದ್ದರು. ಗಾಳಿಗೆ ಆರಿದರೆ ಅಂಗೈ ಅಡ್ಡ ಹಿಡಿದು ಮತ್ತೆ ಹಚ್ಚುವರು. ಇಲ್ಲಿ ನಮಗಿರುವುದು ನಾಲ್ಕಡಿ ಬಾಲ್ಕನಿ. ಹಣತೆ ಸಾಲು ಅಲ್ಲೂ ಇಡುತ್ತೇವೆ. ಆದರೂ ಆಟೋ ಇಳಿದು ತಲೆ ಎತ್ತಿದಾಗ ಅವರಿಗೆ ಮನೆಯಿಡೀ ಬೆಳಗುತ್ತಿರುವುದು ಕಾಣಬೇಕು ಅನ್ನಿಸಿದೆ. ಮಗಳು ದಸರಾ ದೀಪ ನೋಡಿ ಬಂದಾಗಿನಿಂದ "ತಾತ ಬರೋ ದಿನ ನಮ್ಮನೆಗೂ ಹಾಕೋಣ" ಅಂತ ಒಂದೇ ಹಟ.

ಗೋಡೆಗೆ ಏನಾದರೂ ಗೀರು, ಕಲೆ ಆದರೆ ಅದೇ ಬಣ್ಣ ಹೊಡೆಸಿಕೊಡುವುದು ನಮ್ಮ ಜವಾಬ್ದಾರಿ. ಕಟ್ಟುವ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇವೆ. ಇದರಲ್ಲಿ ಯಾವುದಾದರೂ ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ಹೇಳಿ. ಗೋಡೆ ಪೂರ್ತಿ ಬೇಡ, ಬಾಲ್ಕನಿಗೆ ಮಾತ್ರ ಸಾಕು ಅಂದರೂ ಹಾಗೇ ಮಾಡುತ್ತೇವೆ.

15ನೇ ತಾರೀಖಿನೊಳಗೆ ಒಂದು ಸಾಲು ತಿಳಿಸಿದರೆ ಎಲೆಕ್ಟ್ರಿಷಿಯನ್‌ಗೆ ಹೇಳಲು ಅನುಕೂಲ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯಾ? ಅವರು ನೆಟ್ಟ ಪಾರಿಜಾತ ಈಗ ಮೈತುಂಬ ಹೂ ಬಿಡುತ್ತಿದೆ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಿದ್ದದ್ದನ್ನು ಮಗಳು ಆರಿಸಿ ತರುತ್ತಾಳೆ ಅಂತ ಅವರಿಗೆ ಹೇಳಿ.

ಇಂತಿ ನಿಮ್ಮ,
ಸುಮಾ
ಮಹಡಿ ಮನೆ, ಗಿರಿಜಾ ನಿಲಯ