ಬೌದ್ಧ, ಜೈನ ಧರ್ಮಗಳಿಗೆ ಜನ ಒಲಿದದ್ದೇಕೆ?

ಪ್ರಶ್ನೆ: ಪ್ರಾಚೀನ ಭಾರತದಲ್ಲಿ ಬೌದ್ಧ ಮತ್ತು ಜೈನ ಧರ್ಮಗಳಿಗೆ ಅನುಯಾಯಿಗಳು ದೊರೆಯಲು ಕಾರಣವಾದ ಸಾಮಾಜಿಕ, ಆರ್ಥಿಕ ಸಂಗತಿಗಳನ್ನು ವಿವರಿಸಿ. (10 ಅಂಕ)

ಉತ್ತರ: ‘ಯಜ್ಞಗಳಿಂದ ಬೇಸತ್ತ ಜನ ಹೊಸ ಧರ್ಮಕ್ಕೆ ಬಂದರು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವವರೇ ಹೆಚ್ಚು. ಬೇಸರ ಯಾಕೆ ಬಂತು, ಯಾರಿಗೆ ಬಂತು ಎಂಬುದನ್ನು ನೋಡಬೇಕು.

ಕ್ರಿ.ಪೂ. 6ನೇ ಶತಮಾನದ ಹೊತ್ತಿಗೆ ಗಂಗಾ ಬಯಲಿನಲ್ಲಿ ಕಬ್ಬಿಣದ ಬಳಕೆ ಹೆಚ್ಚಿತ್ತು, ಭತ್ತದ ಬೇಸಾಯ ಹರಡುತ್ತಿತ್ತು. ಉಳುವವನಿಗೆ ಎತ್ತೇ ಆಸ್ತಿ. ಬೌದ್ಧರ ಪಾಳಿ ಗ್ರಂಥ ದೀಘನಿಕಾಯದ ಕೂಟದಂತ ಸುತ್ತ ಎಂಬ ಉಪದೇಶದಲ್ಲಿ ಒಬ್ಬ ಬ್ರಾಹ್ಮಣ ಮಹಾಯಜ್ಞಕ್ಕೆಂದು 700 ಹೋರಿ, 700 ಎಳೆಗರು, 700 ಕಡಸು, ಜೊತೆಗೆ ಅಷ್ಟಷ್ಟೇ ಆಡು, ಟಗರುಗಳನ್ನು ಕಂಬದ ಬಳಿಗೆ ತರಿಸುತ್ತಾನೆ. ಲೆಕ್ಕ ಕಥೆಯದೇ ಇರಲಿ, ನೊಗ ಹೊರಬೇಕಾದ ದನ ಬಲಿಗಂಬದಲ್ಲಿ ನಿಂತಿದ್ದನ್ನು ಕಂಡ ರೈತನ ಸಂಕಟ ಲೆಕ್ಕಕ್ಕೆ ಸಿಗುವಂಥದಲ್ಲ. ಅದೇ ಸುತ್ತದಲ್ಲಿ ಬುದ್ಧ ಹಳೆಯ ಕಾಲದ ರಾಜನೊಬ್ಬನ ಕಥೆ ಹೇಳುತ್ತಾನೆ. ಯಜ್ಞಕ್ಕೆ ಮೊದಲು ಕೃಷಿಕನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ಸೇವಕನಿಗೆ ಸಂಬಳ ಕೊಡು ಎಂಬುದು ಆ ರಾಜನಿಗೆ ಸಿಕ್ಕ ಸಲಹೆ. ಅಹಿಂಸೆ ಇಲ್ಲಿ ಹೊಲದ ಅಗತ್ಯದ ಜೊತೆ ಸೇರಿಕೊಂಡಿತು.

ಎರಡನೆಯವರು ವ್ಯಾಪಾರಿಗಳು. ರಾಜಗೃಹ, ಶ್ರಾವಸ್ತಿ, ವೈಶಾಲಿಗಳು ಬೆಳೆದವು, ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳು ಬಂದವು. ಕೈಯಲ್ಲಿ ಹಣವಿದ್ದರೂ ವರ್ಣದ ಲೆಕ್ಕದಲ್ಲಿ ವೈಶ್ಯನಿಗೆ ಮೂರನೆಯ ಸ್ಥಾನವೇ. ವೈದಿಕರ ನಡವಳಿಕೆಯ ನಿಯಮ ಹೇಳುವ ಧರ್ಮಸೂತ್ರಗಳು ಬಡ್ಡಿ ವ್ಯವಹಾರವನ್ನು ಹಳಿಯುತ್ತಿದ್ದವು, ಅಂಥ ಒಂದು ಸೂತ್ರದ ಕರ್ತೃ ಬೌಧಾಯನನಿಗೆ ಸಮುದ್ರಯಾನವೂ ಪಾಪ. ಭಿಕ್ಷುಗಳಾದರೋ ಸೆಟ್ಟಿಯ ದಾನವನ್ನು ಗೌರವದಿಂದ ಕೈಯೊಡ್ಡಿ ಪಡೆದರು. (ಪಾಳಿಯ ‘ಸೇಟ್ಠಿ’ಯೂ ನಮ್ಮ ಸೆಟ್ಟಿಯೂ ಒಂದೇ ಮೂಲದ ಪದ.) ಶ್ರಾವಸ್ತಿಯ ಸೆಟ್ಟಿ ಅನಾಥಪಿಂಡಿಕ ಜೇತವನವೆಂಬ ತೋಟದ ನೆಲಕ್ಕೆ ನಾಣ್ಯ ಹಾಸಿ ಅದನ್ನು ಕೊಂಡು ಸಂಘಕ್ಕೆ ಕೊಟ್ಟನೆಂಬ ಪ್ರಸಂಗವನ್ನು ಭಾರ್ಹುತ ಸ್ತೂಪದ ಶಿಲ್ಪಿಗಳು ಕಲ್ಲಿನಲ್ಲಿ ಕೆತ್ತಿದ್ದಾರೆ. ಜೈನರಲ್ಲಿ ಮಣ್ಣು ಅಗೆದರೂ ಜೀವಹಾನಿ ಎಂಬ ಎಚ್ಚರವಿತ್ತು. ಹೀಗಾಗಿ ಬೇಸಾಯ ಅವರಿಗೆ ಒಗ್ಗಲಿಲ್ಲ, ಆ ಧರ್ಮಕ್ಕೂ ವ್ಯಾಪಾರಕ್ಕೂ ನಂಟು ಇನ್ನೂ ಬಿಗಿಯಾಯಿತು.

ಸಾಮಾಜಿಕವಾಗಿ, ಹುಟ್ಟಿಗಿಂತ ನಡತೆ ದೊಡ್ಡದೆಂಬ ಮಾತು ಕೆಳಗಿನವರನ್ನು ಸೆಳೆಯಿತು. ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿ ಶಾಕ್ಯ ರಾಜಕುಮಾರರು ಅವನಿಗೆ ತಲೆಬಾಗಿದ ಪ್ರಸಂಗ ಬೌದ್ಧ ಸಂಘದ ನಿಯಮಗಳ ಗ್ರಂಥ ವಿನಯಪಿಟಕದಲ್ಲಿದೆ. ಹೆಣ್ಣುಮಕ್ಕಳಿಗೂ ಎರಡೂ ಸಂಘಗಳಲ್ಲಿ ಬಾಗಿಲು ತೆರೆಯಿತು. ಉಪದೇಶ ಜನ ಆಡುವ ಪ್ರಾಕೃತದಲ್ಲಿತ್ತು, ಪುರೋಹಿತನ ನೆರವಿಲ್ಲದೆ ಅರ್ಥವಾಗುತ್ತಿತ್ತು. ರಾಜರ ಆಶ್ರಯವೂ ನೆರವಾಯಿತು. ಆದರೆ ಅದಕ್ಕೆ ಹೆಚ್ಚು ಸಾಲು ಖರ್ಚು ಮಾಡಬೇಕಿಲ್ಲ, ಪ್ರಶ್ನೆ ಅದಲ್ಲ.

ಇಷ್ಟಾದರೂ ಇದನ್ನು ಸಾಮಾಜಿಕ ಕ್ರಾಂತಿ ಎಂದು ಬರೆದರೆ ತಪ್ಪು. ಸಾಲ ತೀರಿಸದವನಿಗೆ, ಒಡೆಯನಿಂದ ಬಿಡುಗಡೆಯಾಗದ ದಾಸನಿಗೆ, ರಾಜನ ಸೈನಿಕನಿಗೆ ಬೌದ್ಧ ಸಂಘ ದೀಕ್ಷೆ ಕೊಡುತ್ತಿರಲಿಲ್ಲ. ಭಿಕ್ಷುಣಿ ಎಷ್ಟೇ ಹಿರಿಯಳಾದರೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ವಂದಿಸಬೇಕಿತ್ತು. ಸಾಲ ಕೊಟ್ಟವನ ಹಣ, ಒಡೆಯನ ಆಳು, ರಾಜನ ಸೇನೆ ಮೂರಕ್ಕೂ ಸಂಘದಿಂದ ಧಕ್ಕೆಯಿಲ್ಲ ಎಂಬ ಭರವಸೆ ಇದ್ದುದರಿಂದಲೇ ಉಳ್ಳವರೂ ನಿಶ್ಚಿಂತೆಯಿಂದ ವಿಹಾರ ಕಟ್ಟಿಸಿಕೊಟ್ಟರು.